ಸುದ್ದಿ ಹೇಳುವ ಮೊದಲ ಹಕ್ಕು



ಮನೆಯಲ್ಲೊಂದು ಮಗು ಹುಟ್ಟಿದಾಗ ಆ ಸುದ್ದಿ ಯಾರದು? ಸುದ್ದಿಗೂ ಒಡೆಯರಿರುವರೇ, ಅದು ಗಾಳಿಯಂತೆ ತಾನಾಗಿ ಹಬ್ಬುವಂಥದ್ದಲ್ಲವೇ ಎಂದು ನೀವು ಕೇಳಬಹುದು. ನಮ್ಮ ಹಿರಿಯರು ಹಾಗೆ ಎಣಿಸಿರಲಿಲ್ಲ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಿದ್ದರೆ, ಮಗು ಹುಟ್ಟಿದ ಕೂಡಲೇ ಅವಳ ತಂದೆಯೋ ಅಣ್ಣನೋ ಸಕ್ಕರೆ ಕಟ್ಟಿಕೊಂಡು ಬೀಗರ ಊರಿಗೆ ಹೊರಡುತ್ತಿದ್ದರು. ಬಸ್ಸಿನಲ್ಲಿ ಪರಿಚಯದವರು ಸಿಕ್ಕಿ ‘ಎಲ್ಲಿಗೆ ಪಯಣ?’ ಎಂದರೆ, ‘ಹೀಗೇ ಒಂದು ಕೆಲಸ’ ಎಂದು ಮಾತು ತೇಲಿಸಿಬಿಡುತ್ತಿದ್ದರು. ಬೀಗರ ಮನೆಯ ಹೊಸ್ತಿಲು ದಾಟುವ ಮೊದಲು ಆ ಮಾತು ಬೇರೆ ಕಿವಿಗೆ ಬೀಳಬಾರದು. ಬಿದ್ದರೆ ಆ ಮನೆಯ ಅಜ್ಜಿಗೆ ಅದು ಜೀವನಪರ್ಯಂತ ಮರೆಯದ ಅವಮಾನ. ಸುದ್ದಿ ಹೇಳುವುದಕ್ಕೊಂದು ಕ್ರಮವಿತ್ತು, ಹೇಳುವ ಬಾಯಿಯೂ ನಿಶ್ಚಯವಾಗಿತ್ತು.

ಇಂದು ಆ ಕ್ರಮವನ್ನು ಯಾರೂ ಬೇಕೆಂದು ಮುರಿದಿಲ್ಲ. ಹೆರಿಗೆ ಕೋಣೆಯ ಹೊರಗೆ ನಿಂತವರೆಲ್ಲರ ಕೈಯಲ್ಲೂ ಮೊಬೈಲ್ ಇರುವುದರಿಂದ ಅದು ತಾನಾಗಿ ಮುರಿದುಬಿದ್ದಿದೆ. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಶಿಶುವನ್ನು ಬಾಗಿಲಿಗೆ ತಂದು ಮನೆಯವರಿಗೆ ತೋರಿಸುವುದು ಒಂದೆರಡು ನಿಮಿಷದ ಮಾತು. ತಾಯಿ ಇನ್ನೂ ಒಳಗೆ ಮಲಗಿದ್ದಾಳೆ, ಹೊಲಿಗೆ ಹಾಕುವುದು ಮುಗಿದಿಲ್ಲ. ಅಷ್ಟರಲ್ಲಿ ನಾಲ್ಕು ಮೊಬೈಲುಗಳು ಮೇಲೇಳುತ್ತವೆ, ಮತ್ತೆರಡು ನಿಮಿಷಗಳಲ್ಲಿ ಯಾರದೋ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಮಗು ಕಣ್ಣು ಮುಚ್ಚಿ ಮಲಗಿರುತ್ತದೆ.

ನಾನು ಬಲ್ಲ ಒಂದು ಕುಟುಂಬದ ಮಾತನ್ನು, ಹೆಸರು ಹೇಳದೆ, ಅವರ ಒಪ್ಪಿಗೆಯಿಂದಲೇ ಇಲ್ಲಿ ಬರೆಯುತ್ತಿದ್ದೇನೆ. ಗಂಡನಿಗೆ ಕುವೈತಿನ ತೈಲ ಶುದ್ಧೀಕರಣ ಘಟಕವೊಂದರಲ್ಲಿ ಕೆಲಸ. ಹೆಂಡತಿ ಹೆರಿಗೆಗೆಂದು ತವರಿನಲ್ಲಿದ್ದಳು. ತಿಂಗಳು ತುಂಬುವ ಮೊದಲೇ, 35ನೆಯ ವಾರದಲ್ಲಿ, ನಸುಕಿನ 4.40ಕ್ಕೆ ಗಂಡುಮಗು ಹುಟ್ಟಿತು. ಆಗ ಕುವೈತಿನಲ್ಲಿ ರಾತ್ರಿ 2.10. ತಂದೆ ರಾತ್ರಿ ಪಾಳಿಯಲ್ಲಿದ್ದ. ಬೆಂಕಿಯ ಅಪಾಯವಿರುವ ಅಂಥ ಜಾಗಕ್ಕೆ ಮೊಬೈಲ್ ಒಯ್ಯುವಂತಿಲ್ಲ, ಗೇಟಿನಲ್ಲೇ ಇಟ್ಟು ಹೋಗಬೇಕು. ಪಾಳಿ ಮುಗಿಯುವುದು ಅಲ್ಲಿನ 6 ಗಂಟೆಗೆ, ನಮ್ಮ 8.30ಕ್ಕೆ. ಅಷ್ಟು ಹೊತ್ತಿಗೆ ತಾನು ಎದ್ದು ಕುಳಿತು, ತನ್ನ ದನಿಯಲ್ಲೇ ಗಂಡನಿಗೆ ಹೇಳಬೇಕೆಂದು ಆ ಹೆಣ್ಣುಮಗಳು ಕಾದಿದ್ದಳು. ಗಂಡೋ ಹೆಣ್ಣೋ ಎಂಬ ಒಂದು ಮಾತನ್ನು ತಿಂಗಳುಗಟ್ಟಲೆ ಇಬ್ಬರೂ ಕಾಯ್ದುಕೊಂಡು ಬಂದಿದ್ದರು.

5.30ಕ್ಕೆ ಅವಳ ಚಿಕ್ಕಮ್ಮನ ಮಗಳು ಮಗುವಿನ ಚಿತ್ರವನ್ನು ಸ್ಟೇಟಸ್ಸಿಗೆ ಹಾಕಿದಳು. ‘ನಮ್ಮ ಮನೆಗೆ ರಾಜಕುಮಾರ ಬಂದ’ ಎಂಬ ಒಕ್ಕಣೆ, ಮೇಲೆ ಏಳೆಂಟು ಹೃದಯಗಳು. ಈ ಹುಡುಗಿ ಕೆಟ್ಟವಳಲ್ಲ. ಇಡೀ ರಾತ್ರಿ ಬಿಸಿನೀರಿನ ಫ್ಲಾಸ್ಕು ಹಿಡಿದು ಬೆಂಚಿನ ಮೇಲೆ ಕುಳಿತಿದ್ದವಳು ಅವಳೇ, ರಕ್ತ ಬೇಕಾದೀತು ಎಂದಾಗ ಮೊದಲು ಕೈ ಚಾಚಿದವಳೂ ಅವಳೇ. ಪಾಳಿ ಮುಗಿಸಿ ಗೇಟಿಗೆ ಬಂದು ಮೊಬೈಲ್ ತೆರೆದ ತಂದೆಗೆ ಕಂಡದ್ದು ಇಪ್ಪತ್ತಕ್ಕೂ ಹೆಚ್ಚು ಅಭಿನಂದನೆಗಳು. ಮಗ ಹುಟ್ಟಿದನೆಂದು ಅವನಿಗೆ ತಿಳಿಸಿದ್ದು ಪಕ್ಕದ ಕೋಣೆಯ ಗೆಳೆಯ. ಇತ್ತ ಗಂಡನ ಊರಿನಲ್ಲಿ ಅವನ ತಾಯಿ ಬೆಳಗ್ಗೆ ಹಾಲು ಹಾಕಲು ಡೈರಿಗೆ ಹೋದಾಗ, ಸಾಲಿನಲ್ಲಿದ್ದ ಯುವಕನೊಬ್ಬ ಮೊಬೈಲ್ ತೋರಿಸಿ ‘ಸಿಹಿ ಎಲ್ಲಮ್ಮಾ?’ ಎಂದು ಕೇಳಿದ. ‘ಫಾದರ್, ನಾನು ಡೈರಿಯಲ್ಲಿ ಅಜ್ಜಿಯಾದೆ’ ಎಂದು ಆ ತಾಯಿ ನನ್ನ ಮುಂದೆ ನಗುತ್ತಲೇ ಹೇಳಿದರು. ನಗೆಯ ಹಿಂದೆ ಏನಿತ್ತೆಂಬುದು ಕಾಣದಿರಲಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮಗುವಿನ ತೂಕ 2.1 ಕಿಲೋ. ಉಸಿರಾಟ ಸ್ವಲ್ಪ ವೇಗವಾಗಿದೆಯೆಂದು 6 ಗಂಟೆಗೆ ವೈದ್ಯರು ಅದನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಒಯ್ದರು. ತಾಯಿ ವಾರ್ಡಿನಲ್ಲಿ ಒಬ್ಬಳೇ ಅಳುತ್ತಿದ್ದಾಳೆ. ಅವಳ ಮೊಬೈಲಿನಲ್ಲಿ ಶುಭಾಶಯಗಳು ಒಂದರ ಮೇಲೊಂದು ಬಂದು ಬೀಳುತ್ತಿವೆ. ಕರೆ ಮಾಡಿದವರಿಗೆಲ್ಲ ಏನು ಉತ್ತರ ಹೇಳುವುದು? ‘ಚೆನ್ನಾಗಿದೆ’ ಎಂದರೆ ಸುಳ್ಳು, ‘ಚೆನ್ನಾಗಿಲ್ಲ’ ಎಂದರೆ ಬಾಯಿ ಬಾರದು. ಐದು ದಿನಗಳ ನಂತರ ಮಗು ಕ್ಷೇಮವಾಗಿ ತಾಯಿಯ ಮಡಿಲು ಸೇರಿತೆಂದು ಇಲ್ಲೇ ಹೇಳಿಬಿಡುತ್ತೇನೆ. ನೀವು ಆತಂಕದಿಂದ ಓದುವುದು ಬೇಡ. ಆದರೆ ಹುಟ್ಟಿದ ಮೊದಲ ಗಂಟೆಗಳಲ್ಲಿ ವೈದ್ಯರಿಗೂ ಎಲ್ಲವೂ ತಿಳಿದಿರುವುದಿಲ್ಲ. ಕಾಮಾಲೆಯ ಹಳದಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಎರಡನೆಯ ಅಥವಾ ಮೂರನೆಯ ದಿನ. ನವಜಾತ ಶಿಶುಗಳ ಮರಣಗಳಲ್ಲಿ ಹೆಚ್ಚಿನವು ಸಂಭವಿಸುವುದು ಮೊದಲ ವಾರದಲ್ಲೇ. ಊರಿಗೆಲ್ಲ ಸಾರಿದ ಸಂತೋಷವನ್ನು ಹಿಂತೆಗೆದುಕೊಳ್ಳಬೇಕಾಗಿ ಬಂದ ಒಬ್ಬ ತಾಯಿಯನ್ನಾದರೂ ಹತ್ತಿರದಿಂದ ಕಂಡವರಿಗೆ, ಕೆಲವು ತಂದೆತಾಯಂದಿರು ‘ಎರಡು ದಿನ ತಡೆಯಿರಿ’ ಎನ್ನುವುದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ವಿಚಾರಕ್ಕೆ ಬರೋಣ. ಆ ಹುಡುಗಿ ಮಾಡಿದ್ದು ತಪ್ಪೇ? ತಪ್ಪಾದರೆ ಎಂಥ ತಪ್ಪು? ಅವಳು ಸುಳ್ಳು ಹೇಳಲಿಲ್ಲ, ಯಾರ ಮಾನಕ್ಕೂ ಕುಂದು ತರಲಿಲ್ಲ, ಒಂದು ಕಾಸನ್ನೂ ಕದಿಯಲಿಲ್ಲ. ಗುರುಮಠದಲ್ಲಿ ನೀತಿಶಾಸ್ತ್ರ ಕಲಿಯುವಾಗ ನಮಗೆ ಗುಟ್ಟಿನ ಮೂರು ಬಗೆಗಳನ್ನು ಹೇಳಿಕೊಡುತ್ತಿದ್ದರು. ವಿಷಯದ ಸ್ವಭಾವದಿಂದಲೇ ಮುಚ್ಚಿಡಬೇಕಾದ ಸಹಜ ಗುಟ್ಟು. ತಿಳಿದ ಮೇಲೆ ‘ಯಾರಿಗೂ ಹೇಳೆನು’ ಎಂದು ಮಾತು ಕೊಟ್ಟ ಗುಟ್ಟು. ನಂಬಿಕೆಯ ಮೇಲೆ ಮೊದಲೇ ಒಪ್ಪಿಸಲ್ಪಟ್ಟ ಗುಟ್ಟು. ಮಗುವಿನ ಜನನ ಈ ಮೂರರಲ್ಲಿ ಯಾವುದೂ ಅಲ್ಲ. ಇಂದಲ್ಲ ನಾಳೆ ಊರಿಗೆಲ್ಲ ತಿಳಿಯಲೇಬೇಕಾದದ್ದು ಗುಟ್ಟು ಹೇಗಾದೀತು? ಆದುದರಿಂದಲೇ ನಮ್ಮ ಬಂಧುಗಳಿಗೆ ಅದನ್ನು ಹಂಚುವುದರಲ್ಲಿ ಅಳುಕಿಲ್ಲ. ‘ಹೇಗೂ ಎಲ್ಲರಿಗೂ ಗೊತ್ತಾಗುವುದಲ್ಲವೇ?’ ಎಂಬುದು ಅವರ ಪ್ರಾಮಾಣಿಕ ಪ್ರಶ್ನೆ.

ನನ್ನ ಮಟ್ಟಿಗೆ ಉತ್ತರ ಹೀಗಿದೆ. ಕೆಲವು ಮಾತುಗಳ ಬೆಲೆ ಅವುಗಳು ತಿಳಿಸುವ ಸಂಗತಿಯಲ್ಲಿಲ್ಲ, ಯಾರು ಯಾರಿಗೆ ಹೇಳಿದರೆಂಬುದರಲ್ಲಿದೆ. ‘ನಿನಗೆ ಮಗ ಹುಟ್ಟಿದ್ದಾನೆ’ ಎಂದು ಹೆಂಡತಿ ಗಂಡನಿಗೆ ಹೇಳುವುದು ವರದಿಯಲ್ಲ, ಅದೊಂದು ಕೊಡುಗೆ. ಅದನ್ನು ಒಮ್ಮೆ ಮಾತ್ರ ಕೊಡಲು ಸಾಧ್ಯ. ಬೇರೆಯವರು ಮೊದಲೇ ಹೇಳಿಬಿಟ್ಟರೆ ಸಂಗತಿ ಇದ್ದಂತೆಯೇ ಇರುತ್ತದೆ, ಕೊಡುಗೆ ಮಾತ್ರ ಇಲ್ಲವಾಗುತ್ತದೆ. ಎಷ್ಟು ಕ್ಷಮೆ ಕೇಳಿದರೂ ಎಷ್ಟು ಚಿತ್ರಗಳನ್ನು ಅಳಿಸಿದರೂ ಅದನ್ನು ಮರಳಿಸಲಾಗದು. ಹೇಳಬೇಕಾದ ಬಾಯಿಂದ ಆ ಮಾತನ್ನು ಕಸಿದುಕೊಂಡಂತಾಯಿತು. ಕಸಿದವರಿಗೆ ಅದರ ಅರಿವು ಇಲ್ಲದಿರಬಹುದು, ಕಳೆದುಕೊಂಡವರಿಗೆ ಇದೆ.

‘ಮಗು ತಂದೆತಾಯಿ ಇಬ್ಬರದೇ ಏನು? ಅದು ಇಡೀ ವಂಶದ್ದು’ ಎಂಬ ಹಿರಿಯರ ಮಾತನ್ನು ನಾನು ತಳ್ಳಿಹಾಕುವವನಲ್ಲ. ಸಂತೋಷ ಖಂಡಿತವಾಗಿ ಎಲ್ಲರದು. ಎಲಿಜಬೇತಳು ಹೆತ್ತಾಗ ನೆರೆಹೊರೆಯವರೂ ಬಂಧುಗಳೂ ಅವಳೊಡನೆ ಸಂಭ್ರಮಿಸಿದರೆಂದು ಲೂಕನೇ ತನ್ನ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಆದರೆ ಮುಂದಿನದನ್ನೂ ಗಮನಿಸಿ. ಎಂಟನೆಯ ದಿನ ಅದೇ ಬಂಧುಗಳು, ಯಾರನ್ನೂ ಕೇಳದೆ, ಮಗುವಿಗೆ ತಂದೆಯ ಹೆಸರನ್ನೇ ಇಡಲು ಹೊರಟರು. ತಾಯಿ ಒಪ್ಪಲಿಲ್ಲ. ಅವರು ಅವಳ ಮಾತಿಗೆ ಬೆಲೆ ಕೊಡದೆ ಮೂಕನಾಗಿದ್ದ ತಂದೆಗೆ ಸನ್ನೆ ಮಾಡಿದರು. ಅವನು ಹಲಗೆ ತರಿಸಿ ಯೊವಾನ್ನನೆಂದೇ ಬರೆದುಕೊಟ್ಟ. ಆ ಬಂಧುಗಳ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಪ್ರೀತಿಯೇ ತಮಗೆ ಅಧಿಕಾರ ಕೊಟ್ಟಿದೆಯೆಂದು ಅವರು ಎಣಿಸಿದ್ದರು, ಅಷ್ಟೆ.

ಧರ್ಮಸಭೆಯೂ ಈ ವಿಷಯದಲ್ಲಿ ತಂದೆತಾಯಿಯರ ಹಿಂದೆ ನಿಲ್ಲುತ್ತದೆ, ಮುಂದೆ ಅಲ್ಲ. ಮೊಮ್ಮಗುವಿಗೆ ಬೇಗನೆ ಜ್ಞಾನಸ್ನಾನ ಕೊಡಿಸಬೇಕೆಂದು ಅಜ್ಜಿ ಎಷ್ಟೇ ಹಂಬಲಿಸಿದರೂ, ಪ್ರಾಣಾಪಾಯದ ಸಂದರ್ಭವನ್ನು ಬಿಟ್ಟರೆ, ತಂದೆತಾಯಿಯರಲ್ಲಿ ಒಬ್ಬರಾದರೂ ಸಮ್ಮತಿಸದೆ ಗುರುಗಳು ಜ್ಞಾನಸ್ನಾನ ಕೊಡುವಂತಿಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 868ನೆಯ ಸೂತ್ರ ಅದನ್ನೇ ವಿಧಿಸುತ್ತದೆ. ಸಂಸ್ಕಾರದ ಆರಂಭದಲ್ಲೂ ಮಗುವಿನ ಹೆಸರನ್ನು ಗುರುಗಳು ಕೇಳುವುದು ತಂದೆತಾಯಿಯರನ್ನು. ಮಗುವಿನ ಆತ್ಮದ ವಿಷಯದಲ್ಲೇ ಇಷ್ಟು ತಾಳ್ಮೆ ಇರುವಾಗ, ಅದರ ಮುಖದ ಚಿತ್ರದ ವಿಷಯದಲ್ಲಿ ನಾವು ಎರಡು ದಿನ ತಾಳಲಾರೆವೇ?

ಅಜ್ಜಿ ಬೇಲಿಯ ಆಚೆಗಿನ ಗೆಳತಿಗೆ ‘ಮೊಮ್ಮಗ ಹುಟ್ಟಿದ’ ಎಂದು ಹೇಳುವುದಕ್ಕೂ ಸ್ಟೇಟಸ್ಸಿಗೆ ಹಾಕುವುದಕ್ಕೂ ಏನು ಅಂತರ ಎಂದು ಕೆಲವರು ಕೇಳುತ್ತಾರೆ. ಅಂತರ ಬಹಳವಿದೆ. ಬೇಲಿಯ ಬಳಿ ಅಜ್ಜಿ ಆರಿಸಿಕೊಂಡ ಒಬ್ಬಳಿಗೆ ಹೇಳುತ್ತಾಳೆ, ಕೇಳಿದವಳ ಮುಖ ನೋಡುತ್ತಾಳೆ, ‘ಬೀಗರಿಗೆ ಇನ್ನೂ ಗೊತ್ತಿಲ್ಲ, ಸುಮ್ಮನಿರು’ ಎಂದು ಸೇರಿಸಬಲ್ಲಳು. ಸ್ಟೇಟಸ್ಸು ಹಾಗಲ್ಲ. ಏನನ್ನೂ ಬದಲಿಸದೆ ಇಟ್ಟಿದ್ದರೆ, ನಾವು ಸಂಖ್ಯೆಯನ್ನು ಇಟ್ಟುಕೊಂಡಿರುವ ಮತ್ತು ನಮ್ಮ ಸಂಖ್ಯೆಯನ್ನು ಇಟ್ಟುಕೊಂಡಿರುವ ಎಲ್ಲರಿಗೂ ಅದು 24 ಗಂಟೆ ಕಾಣುತ್ತಿರುತ್ತದೆ: ಗ್ಯಾಸಿನವನಿಗೆ, ಚೀಟಿಯವನಿಗೆ, ಎಂದೋ ನಲ್ಲಿ ರಿಪೇರಿಗೆ ಬಂದವನಿಗೆ. 24 ಗಂಟೆಗಳ ನಂತರ ಮಾಯವಾಗುತ್ತದೆಂಬುದು ಅರ್ಧ ಸಮಾಧಾನ. ಅಷ್ಟರಲ್ಲಿ ಯಾರಾದರೂ ಪರದೆಯ ಚಿತ್ರ ತೆಗೆದಿಟ್ಟುಕೊಂಡಿದ್ದರೆ ಅದು ಅವರ ಬಳಿ ಉಳಿಯಿತು. ಗ್ರೂಪಿಗೆ ಕಳಿಸಿದ್ದನ್ನು ಎಲ್ಲರಿಗೂ ಕಾಣದಂತೆ ಅಳಿಸಲು ಸುಮಾರು ಎರಡೂವರೆ ದಿನಗಳ ಅವಕಾಶವಿದ್ದರೂ, ಅದಾಗಲೇ ಮುಂದೆ ರವಾನಿಸಿದ ಪ್ರತಿಗಳು ಅಳಿಯುವುದಿಲ್ಲ.

ಚಿತ್ರದಲ್ಲಿ ಮಗು ಮಾತ್ರ ಇರುತ್ತದೆಂದೂ ಭಾವಿಸಬೇಡಿ. ಮೇಲೆ ಹೇಳಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಮಗುವಿನ ಕೈಪಟ್ಟಿಯಲ್ಲಿ ತಾಯಿಯ ಪೂರ್ಣ ಹೆಸರು, ಆಸ್ಪತ್ರೆಯ ನೋಂದಣಿ ಸಂಖ್ಯೆ, ಹುಟ್ಟಿದ ದಿನಾಂಕ, ವೇಳೆ ಇವೆಲ್ಲ ಸ್ಪಷ್ಟವಾಗಿ ಓದಲು ಬರುತ್ತಿದ್ದವು. ಹಿನ್ನೆಲೆಯಲ್ಲಿ ಇನ್ನೊಬ್ಬ ಬಾಣಂತಿ ಹಾಲೂಡಿಸುತ್ತಾ ಕುಳಿತಿದ್ದಳು. ಅವಳನ್ನು ಯಾರು ಕೇಳಿದ್ದರು?

ಕಾನೂನು ನಮಗೆ ದಾರಿ ತೋರಿಸಬಹುದೇ ಎಂದರೆ, ಸ್ವಲ್ಪ ಮಾತ್ರ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪು ನೀಡಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರ ವಿವರಗಳನ್ನು ಬಳಸಲು ತಂದೆತಾಯಿಯರ ಸಮ್ಮತಿ ಬೇಕೆನ್ನುತ್ತದೆ. ಆದರೆ ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವುದು ಆ ಕಾಯ್ದೆಯ ವ್ಯಾಪ್ತಿಯ ಹೊರಗಿದೆ. ಅತ್ತೆಯ ಸ್ಟೇಟಸ್ಸನ್ನು ಕಾಯ್ದೆ ಹಿಡಿದು ತಡೆಯಲು ಹೊರಟವರು ಸ್ಟೇಟಸ್ಸಿಗಿಂತ ಮೊದಲು ಅತ್ತೆಯನ್ನು ಕಳೆದುಕೊಳ್ಳುವರು. ಇಲ್ಲಿ ಉಳಿದಿರುವ ದಾರಿ ವಿನಂತಿಯೊಂದೇ.

ಆ ದಂಪತಿಗಳು ತಮ್ಮ ಎರಡನೆಯ ಮಗುವಿನ ನಿರೀಕ್ಷೆಯಲ್ಲಿದ್ದಾಗ ಬಂಧುಗಳಿಗೊಂದು ಪತ್ರ ಬರೆದು ನನಗೆ ತೋರಿಸಲು ತಂದರು. ಅದು ಹೀಗಿತ್ತು: ‘ಮಗುವಿನ ಖಾಸಗಿತನವನ್ನು ಗೌರವಿಸಿ. ಅನುಮತಿಯಿಲ್ಲದೆ ಫೋಟೋ ಹಾಕುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.’ ಆಸ್ಪತ್ರೆಯ ಗೋಡೆಯ ಮೇಲೆ ‘ಇಲ್ಲಿ ಉಗುಳಬಾರದು’ ಎಂದು ಬರೆದಿರುತ್ತಾರಲ್ಲ, ಅದರ ತಮ್ಮನಂತಿದೆ ಇದು ಎಂದೆ. ಅವರೂ ನಕ್ಕರು. ಇನ್ನೊಂದು ಉಪಾಯವೂ ಅವರ ಮನಸ್ಸಿನಲ್ಲಿತ್ತು: ‘ದೃಷ್ಟಿಯಾಗುತ್ತದೆ, ಹಾಕಬೇಡಿ’ ಎಂದುಬಿಡುವುದು. ಹಾಗೆಂದರೆ ಹಿರಿಯರು ಮರುಮಾತಾಡದೆ ಒಪ್ಪುತ್ತಾರೆ ನಿಜ. ಆದರೆ ತಾವೇ ನಂಬದ ಕಾರಣವನ್ನು ಮುಂದೆ ಮಾಡುವುದು ಸುಳ್ಳೇ ಆಗುತ್ತದೆ. ಮೇಲಾಗಿ, ನಾಲ್ಕನೆಯ ದಿನ ಇವರೇ ಚಿತ್ರ ಹಾಕಿದಾಗ ದೃಷ್ಟಿ ಎಲ್ಲಿ ಹೋಯಿತು ಎಂಬ ಪ್ರಶ್ನೆ ಬರುತ್ತದೆ!

ಕುಳಿತು ಮಾತಾಡುತ್ತಾ ಹೋದಂತೆ ಪತ್ರ ಬದಲಾಯಿತು. ಕಾರಣವನ್ನು ಇದ್ದಂತೆಯೇ ಹೇಳಬೇಕು. ಬೇಡ ಎನ್ನುವುದರ ಜೊತೆಗೆ ಬಂಧುಗಳು ಏನು ಮಾಡಬಹುದೆಂಬುದನ್ನೂ ಹೇಳಬೇಕು. ಬರಿಗೈಯಲ್ಲಿ ನಿಲ್ಲಿಸಿದ ಪ್ರೀತಿ ಮುನಿಸಿಕೊಳ್ಳುತ್ತದೆ. ‘ಮೂರು ದಿನ’ ಎಂದು ಅವಧಿ ಹೇಳುವುದಕ್ಕಿಂತ ‘ನಾವು ಹಾಕಿದ ಮೇಲೆ’ ಎನ್ನುವುದು ಲೇಸು, ಏಕೆಂದರೆ ಆ ಮೂರು ದಿನಗಳಲ್ಲಿ ಏನಾಗುವುದೋ ಯಾರು ಬಲ್ಲರು? ಮಗುವಿನ ಚಿತ್ರವನ್ನು ಎಂದೂ ಹಾಕಬಾರದೆಂಬ ನಿರ್ಧಾರ ಮಾಡಿದ ತಂದೆತಾಯಿಯರಾದರೆ ಅದನ್ನೇ ನೇರವಾಗಿ ಬರೆಯಲಿ. ‘ನಾವು ಹಾಕುವ ತನಕ’ ಎಂದು ಬರೆದು ಜನರನ್ನು ಕಾಯಿಸುವುದು ಸರಿಯಲ್ಲ. ಪತ್ರ ಹೋಗಬೇಕಾದದ್ದು ಹೆರಿಗೆಯ ದಿನವಲ್ಲ, ಒಂದು ತಿಂಗಳು ಮೊದಲು. ಹೆರಿಗೆಯ ದಿನ ಹೇಳಿದರೆ ಮೊಬೈಲ್ ಹಿಡಿದವರ ಮುಖಕ್ಕೆ ಹೊಡೆದಂತಾಗುತ್ತದೆ. ಕೊನೆಯದಾಗಿ, ಗಂಡನ ಕಡೆಯವರಿಗೆ ಗಂಡನೂ ಹೆಂಡತಿಯ ಕಡೆಯವರಿಗೆ ಹೆಂಡತಿಯೂ ಕಳಿಸಬೇಕು. ಸೊಸೆಯಿಂದ ಬಂದ ವಿನಂತಿ ಕೆಲವು ಮನೆಗಳಲ್ಲಿ ಅಪ್ಪಣೆಯಂತೆ ಕೇಳಿಸುತ್ತದೆ. ಇದು ನ್ಯಾಯವಲ್ಲ, ಆದರೆ ಸತ್ಯ.

ಅವರು ಕಡೆಗೆ ಕಳಿಸಿದ ಪತ್ರ ಇದು:

‘ಪ್ರೀತಿಯ ಅಮ್ಮ, ದೊಡ್ಡಪ್ಪ, ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ, ಮಾವ ಮತ್ತು ಎಲ್ಲರಿಗೂ ನಮಸ್ಕಾರ. ದೇವರ ದಯೆಯಿಂದ ಮುಂದಿನ ತಿಂಗಳು ನಮ್ಮ ಎರಡನೆಯ ಮಗು ಬರಲಿದೆ. ಕಳೆದ ಸಲ ನೀವೆಲ್ಲರೂ ನಿದ್ದೆಗೆಟ್ಟು ನಮ್ಮೊಡನೆ ಇದ್ದಿರಿ, ಈ ಸಲವೂ ನಮಗೆ ನೀವೇ ಆಸರೆ. ಒಂದು ವಿನಂತಿ ಇದೆ. ಮಗು ಹುಟ್ಟಿದ ಸುದ್ದಿಯನ್ನು ಮನೆಮನೆಗೆ ನಾವೇ ನಮ್ಮ ಬಾಯಿಂದ ಹೇಳಬೇಕೆಂಬ ಆಸೆ ನಮ್ಮಿಬ್ಬರದು. ಆದ್ದರಿಂದ ನಾವು ಮೊದಲ ಫೋಟೋ ಹಾಕುವ ತನಕ ದಯವಿಟ್ಟು ಸ್ಟೇಟಸ್ಸಿನಲ್ಲಾಗಲಿ, ಫೇಸ್‌ಬುಕ್ಕಿನಲ್ಲಾಗಲಿ, ಬೇರೆ ಗ್ರೂಪುಗಳಲ್ಲಾಗಲಿ ಮಗುವಿನ ಫೋಟೋ ಅಥವಾ ಸುದ್ದಿ ಹಾಕಬೇಡಿ. ನೀವು ತೆಗೆದ ಫೋಟೋಗಳನ್ನು ನಮಗೆ ತಪ್ಪದೆ ಕಳಿಸಿ, ಆ ಹೊತ್ತಿನಲ್ಲಿ ನಮಗೆ ತೆಗೆಯಲಾಗುವುದಿಲ್ಲ. ನಾವು ಹಾಕಿದ ಮೇಲೆ ಆ ಫೋಟೋವನ್ನು ನೀವೂ ಸಂತೋಷದಿಂದ ಹಂಚಿಕೊಳ್ಳಿ. ಸ್ವಲ್ಪ ತಡವಾದರೆ ನಮಗಾಗಿ ಪ್ರಾರ್ಥಿಸಿ.’

ಕೊನೆಯ ವಾಕ್ಯವನ್ನು ಬರೆದದ್ದು ಆ ತಾಯಿ. ತೀವ್ರ ನಿಗಾ ಘಟಕದ ಹೊರಗಿನ ಐದು ದಿನಗಳು ಆ ನಾಲ್ಕು ಪದಗಳಲ್ಲಿವೆ.

ಇಷ್ಟು ಬರೆದರೂ ಯಾರಾದರೂ ಹಾಕಿಬಿಟ್ಟರೆ? ಹಾಕುವವರು ಇದ್ದೇ ಇರುತ್ತಾರೆ. ಪತ್ರ ಓದದವರು, ಓದಿ ಮರೆತವರು, ‘ನಾನು ಸ್ವಂತ ಅತ್ತೆಯಲ್ಲವೇ, ನನಗೇನು’ ಎನ್ನುವವರು. ಆಗ ಗ್ರೂಪಿನಲ್ಲಿ ಎಲ್ಲರೆದುರು ‘ತೆಗೆಯಿರಿ’ ಎಂದು ಬರೆಯಬಾರದು. ತಂದೆತಾಯಿ ಅಲ್ಲದ ಮೂರನೆಯವರೊಬ್ಬರು, ಹಾಕಿದವರ ಮಗನೋ ಮಗಳೋ ಆದರೆ ಉತ್ತಮ, ಕರೆ ಮಾಡಿ ‘ಅವರಿನ್ನೂ ಕುವೈತಿಗೆ ಹೇಳಿಲ್ಲವಂತೆ ಅಮ್ಮ, ಈಗ ತೆಗೆದುಬಿಡು’ ಎಂದರೆ ಸಾಕು. ತಾವೇ ಸ್ಟೇಟಸ್ಸು ಅಳಿಸಲು ಬಾರದ ಹಿರಿಯರೂ ಇದ್ದಾರೆ. ಅವರಿಗೆ ಕೈಹಿಡಿದು ತೋರಿಸಬೇಕು, ಬುದ್ಧಿ ಹೇಳಬಾರದು.

ಪತ್ರ ಹೋದ ಮೇಲೆ ಡೈರಿಯಲ್ಲಿ ಅಜ್ಜಿಯಾದ ಆ ತಾಯಿ ಮಗನಿಗೆ ಕರೆ ಮಾಡಿ ಒಂದು ಸಂದೇಹ ಕೇಳಿದರಂತೆ. ‘ಹಾಕುವುದಿಲ್ಲಪ್ಪ. ಆದರೆ ಡೈರಿಗೆ ಹೋದಾಗ ನನ್ನ ಮೊಬೈಲಿನಲ್ಲೇ ಇರುವ ಫೋಟೋ ತೆಗೆದು ತೋರಿಸಬಹುದೋ?’ ಮಗ ಒಂದು ಕ್ಷಣ ಯೋಚಿಸಿ, ‘ತೋರಿಸಮ್ಮ, ಕಳಿಸಬೇಡ’ ಎಂದನಂತೆ. ಅಂದೇ ಸಂಜೆ ಗ್ರೂಪಿನಲ್ಲಿ ಪತ್ರದ ಕೆಳಗೆ ಇನ್ನೊಂದು ಸಾಲು ಸೇರಿತು: ‘ಕೈಯಲ್ಲಿ ಹಿಡಿದು ತೋರಿಸುವುದಕ್ಕೆ ಅಡ್ಡಿಯಿಲ್ಲ.’